ಕೌಂಟರ್ ಹುಡುಗ್ರಿಗೆ: ಕಸ್ಟಮರ್ ಸಿಟ್ಟಲ್ಲಿ ಬಂದಾಗ

ಎಲ್ರೂ ಪೂರ್ತಿ ಓದ್ರಪ್ಪ. ನಿನ್ನೆ ಸ್ಕೂಟರ್ ಯಜಮಾನ್ರು ಬಂದಿದ್ರಲ್ಲ, ಸರ್ವಿಸ್ ಮಾಡ್ಸಿ ಎರಡೇ ದಿನಕ್ಕೆ ಹಿಂದಿನ ಬ್ರೇಕ್ ಕಿರ್ರ್ ಅಂತಿದೆ ಅಂತ ಕೂಗ್ತಾ ಇದ್ರು, ನಮ್ಮೋರೊಬ್ರು "ಸರ್ ನಾವು ಚೆಕ್ ಮಾಡೇ ಕೊಟ್ಟಿದ್ದು" ಅಂದ್ರು ನೋಡಿ, ಅಲ್ಲಿಂದ ದನಿ ಇನ್ನೂ ಏರ್ತು. ಆ ಮಾತು ಮೊದಲು ಆಡ್ಲೇಬೇಡಿ, ಅವ್ರಿಗೆ ಅದು ನೀವು ಸುಳ್ಳು ಹೇಳ್ತಿದೀರಾ ಅಂದಂಗೆ ಕೇಳ್ಸುತ್ತೆ.

ನಾನು ಮಾಡಿದ್ದಿಷ್ಟೇ. ಬೇರೆ ಗಿರಾಕಿಗಳ ಮುಂದೆ ನಿಲ್ಲಿಸ್ದೆ ಪಕ್ಕಕ್ಕೆ ಕರ್ಕೊಂಡು ಹೋಗಿ ಕೂರ್ಸಿ ನೀರು ಕೊಟ್ಟೆ, ಅವ್ರು ಮುಗಿಸೋವರ್ಗೂ ಬಾಯಿ ಹಾಕ್ಲಿಲ್ಲ, ಜಾಬ್ ಕಾರ್ಡ್ ತೆಗೆದು ಅವ್ರ ಮಾತಲ್ಲೇ ಬರ್ಕೊಂಡು "ಬೆಳಗ್ಗೆ ಗಾಡಿ ತೆಗೆದಾಗ ಜಾಸ್ತಿ, ಆಮೇಲೆ ಕಮ್ಮಿ, ಅಲ್ವಾ ಸರ್?" ಅಂತ ಓದಿ ಹೇಳ್ದೆ. ಹೂಂ ಅಂದಾಗ್ಲೇ ದನಿ ಇಳೀತು. ಆಮೇಲೆ ಅವ್ರನ್ನೇ ಹಿಂದೆ ಕೂರ್ಸ್ಕೊಂಡು ಒಂದು ರೌಂಡ್ ಹೋಗ್ಬಂದು, ಚಕ್ರ ಬಿಚ್ಚಿಸಿ ತೋರಿಸ್ದೆ, ಬ್ರೇಕ್ ಶೂ ಮೇಲೆ ಗಾಜಿನ ಥರ ಹೊಳಪು, ಡ್ರಮ್ ತುಂಬಾ ಧೂಳು. ಉಜ್ಜುಪೇಪರಲ್ಲಿ ತಿಕ್ಕಿ ಕ್ಲೀನ್ ಮಾಡಿದ್ವಿ, ದುಡ್ಡು ತಗೊಳ್ಲಿಲ್ಲ. ಶೂ ಸವೆದಿದ್ರೆ ಮಾತ್ರ ಬದಲಾಯಿಸೋದು, ಅದರ ರೇಟು ಕೆಲಸಕ್ಕೆ ಮುಂಚೆನೇ ಹೇಳಿ.

ಸಂಜೆಯೊಳಗೆ ಮೆಸೇಜ್ ಹೋಗ್ಲೇಬೇಕು. ನಾನು ಕಳ್ಸಿದ್ದು ಹೀಗಿತ್ತು: "ಸರ್, ಹಿಂದಿನ ಬ್ರೇಕಲ್ಲಿ ಸದ್ದು ಅಂದಿದ್ರಿ. ಶೂ, ಡ್ರಮ್ ಕ್ಲೀನ್ ಮಾಡಿದೀವಿ, ಚಾರ್ಜ್ ಇಲ್ಲ. ಸರ್ವಿಸ್ ದಿನವೇ ನೋಡ್ಬೇಕಿತ್ತು, ಕ್ಷಮಿಸಿ. ಶುಕ್ರವಾರ ಫೋನ್ ಮಾಡಿ ಕೇಳ್ತೀನಿ." ಕೆಳಗೆ ಜಾಬ್ ಕಾರ್ಡ್ ನಂಬರ್, ನನ್ನ ಹೆಸರು.

"ಮುಂದೆ ಯಾವತ್ತೂ ಬರಲ್ಲ" ಅಂತ ಬರೀಬೇಡಿ, ಮಳೇಲಿ ನೆಂದ್ರೆ ಸದ್ದು ಮತ್ತೆ ಬರ್ಬೋದು. ಯಾರಾದ್ರೂ ಕೈ ಎತ್ತಿದ್ರೆ ಅಥವಾ ಮನೆಯೋರನ್ನ ಬೈದ್ರೆ ಸಮಾಧಾನ ಮಾಡೋಕೆ ಕೂರ್ಬೇಡಿ, ತಕ್ಷಣ ನನ್ನ ಕರೀರಿ.