ಹತ್ತು ನಿಮಿಷದ ಅಂಗಡಿ ಮತ್ತು ರೈಲುಹಳಿ

ಮಾನ್ಯ ಸಂಪಾದಕರೇ,

ಹತ್ತು ನಿಮಿಷದಲ್ಲಿ ಹಾಲು, ತರಕಾರಿ ತಲುಪಿಸುವ ಗೋದಾಮುಗಳು ಮುಂಬಯಿಯ ವಸತಿ ಗಲ್ಲಿಗಳಿಗೇ ಏಕೆ ಬರುತ್ತಿವೆ ಎಂದು ಹಲವರು ಕೇಳುತ್ತಾರೆ. ಲೆಕ್ಕ ಸರಳ. ಸಾಮಾನು ಹುಡುಕಿ ಚೀಲಕ್ಕೆ ತುಂಬಲು ಮೂರು ನಿಮಿಷ, ಸೊಸೈಟಿ ಗೇಟು, ಲಿಫ್ಟಿಗೆ ಎರಡು ನಿಮಿಷ ಹೋದರೆ ಬೈಕಿಗೆ ಉಳಿಯುವುದು ಐದೇ ನಿಮಿಷ. ಸಿಗ್ನಲ್, ತಿರುವು ಸೇರಿ ಗಂಟೆಗೆ 18 ಕಿ.ಮೀ. ವೇಗ ಸಿಕ್ಕರೂ ಒಂದೂವರೆ ಕಿಲೋಮೀಟರ್ ರಸ್ತೆ, ಅಷ್ಟೆ.

ಅದೂ ರಸ್ತೆಯ ಅಳತೆ. ಭಾಂಡುಪ್‌ನಂಥ ಕಡೆ ಹಳಿಯಾಚೆಯ ಕಟ್ಟಡ ಕಣ್ಣಿಗೆ ಕಾಣುತ್ತದೆ. ಬೈಕು ಮಾತ್ರ ಸೇತುವೆ ಬಳಸಿಕೊಂಡೇ ಹೋಗಬೇಕು. ಹಾಗಾಗಿ ಗೋದಾಮಿನ ಸುತ್ತ ನಕಾಶೆಯ ಮೇಲೆ ಬರೆದ ವೃತ್ತ ಇಲ್ಲಿ ಸುಳ್ಳಾಗುತ್ತದೆ, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಗೋದಾಮು ಬೇಕಾಗುತ್ತದೆ. ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಂತು ವೇಗ 12ಕ್ಕೆ ಇಳಿದರೆ ಅದೇ ಐದು ನಿಮಿಷಕ್ಕೆ ಒಂದೇ ಕಿಲೋಮೀಟರ್. ಆ ಕೊರತೆಯನ್ನು ತುಂಬಲು ಹುಡುಗರು ಎದುರುದಿಕ್ಕಿನಲ್ಲಿ ಬೈಕು ನುಗ್ಗಿಸುವುದನ್ನು ದಿನಾ ನೋಡುತ್ತಿದ್ದೇವೆ.

ಜಾಗ ಆಯ್ಕೆ ಮಾಡುವಾಗಲೇ ಮಳೆಗಾಲದ ವೇಗವನ್ನು ಲೆಕ್ಕಕ್ಕೆ ಹಿಡಿಯಬೇಕು. ಬೈಕು ನಿಲ್ಲಿಸಲು ಸ್ವಂತ ಜಾಗವಿಲ್ಲದ ಗೋದಾಮಿಗೆ ಪಾಲಿಕೆ ಪರವಾನಗಿ ಕೊಡಬಾರದು.

- ಓದುಗ, ಭಾಂಡುಪ್, ಮುಂಬಯಿ