ಹಗ್ಗ ಹಿಡಿದವರಿಗೂ ಕೆರೆ ಏರಿಗೆ ಬಂದವರಿಗೂ

ಎಲ್ಲರಿಗೂ ಶರಣು. 2025ರ ಆಗಸ್ಟ್ 15 ಮುಗಿದು ನಾಲ್ಕು ದಿನ ಆಯ್ತು. ಪಂಚಾಯ್ತಿ ಅಧ್ಯಕ್ಷಳಾಗಿ ನಾನು ಏರಿಸಿದ ಮೂರನೇ ಧ್ವಜ ಇದು, ಕೊನೆಯದೂ ಹೌದು. 2020ರ ಡಿಸೆಂಬರಿನಲ್ಲಿ ಚುನಾವಣೆಯಾದ ನಮ್ಮ ಸದಸ್ಯರ ಅವಧಿ ಮುಂದಿನ ವರ್ಷದ ಆರಂಭಕ್ಕೆ ಮುಗಿಯುತ್ತದೆ. ಇನ್ನೊಂದು ಸ್ವಾತಂತ್ರ್ಯ ದಿನ ಬರುವಷ್ಟರಲ್ಲಿ ಆ ಕಟ್ಟೆಯ ಮೇಲೆ ಬೇರೆ ಯಾರೋ ನಿಂತಿರುತ್ತಾರೆ. ಅದಕ್ಕೇ ಕುಂತು ಇಷ್ಟು ಬರೀತಿದ್ದೀನಿ. ಅವತ್ತು ಮೈಕಿನಲ್ಲಿ ಎಷ್ಟೋ ಜನರ ಹೆಸರು ಬಿಟ್ಟುಹೋಯ್ತು. ಹೆಸರು ಹಾಕಬೇಡಿ ಅಂತ ಕೆಲವರು ಹೇಳಿದ್ದರಿಂದ ಇಲ್ಲಿಯೂ ಹಾಕಿಲ್ಲ. ನಮ್ಮ ಬೀದರ ಕಡೆ ಊರೊಳಗೆ ಯಾರು ಯಾರು ಅಂತ ಹೇಳೋದೂ ಬೇಕಾಗಿಲ್ಲ.

ಮೊದಲ ಧನ್ಯವಾದ ನಮ್ಮ ನಿವೃತ್ತ ಪಿ.ಟಿ. ಮಾಸ್ತರರಿಗೆ. ಹಿಂದಿನ ದಿನ ಸಂಜೆ ಮಳೆ ಜಿನುಗುತ್ತಿತ್ತು. ನಮ್ಮ ಸಿಬ್ಬಂದಿ ಜನವರಿ 26ಕ್ಕೆ ಕಟ್ಟಿದ ಹಾಗೆಯೇ ಧ್ವಜವನ್ನು ಮಡಚಿ, ಒಳಗೆ ಹೂವಿನ ಎಸಳು ಇಟ್ಟು, ಕಂಬದ ತುದಿಗೆ ಒಯ್ದು ಕಟ್ಟಿಬಿಟ್ಟಿದ್ದರು. ಮಾಸ್ತರರು ಹಾಲು ಒಯ್ಯಲು ಬಂದವರು ನಿಂತು ನೋಡಿ, "ಇದೇನು ಜನವರಿ ಏನವಾ? ಆಗಸ್ಟಿಗೆ ಧ್ವಜ ಕೆಳಗಿಂದ ಮ್ಯಾಲ ಹೋಗ್ಬೇಕು" ಅಂದರು. ಗಣರಾಜ್ಯೋತ್ಸವಕ್ಕೆ ಧ್ವಜ ಮೊದಲೇ ತುದಿಯಲ್ಲಿರುತ್ತದೆ, ಹಗ್ಗ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಸ್ವಾತಂತ್ರ್ಯ ದಿನಕ್ಕೆ ಕಂಬದ ಬುಡದಿಂದ ಏರಿಸಬೇಕು. ಐದು ವರ್ಷ ಪಂಚಾಯ್ತಿಯಲ್ಲಿದ್ದು, ಎರಡು ಧ್ವಜ ಏರಿಸಿಯೂ ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಹಿಂದಿನ ಎರಡು ಸಲವೂ ತಪ್ಪಾಗಿಯೇ ಮಾಡಿದ್ದೀವಿ, ಯಾರೂ ಹೇಳಲಿಲ್ಲ.

ಇಳಿಸಿ ನೋಡಿದರೆ ಹಗ್ಗ ಮಳೆಗೆ ನೆನೆದು ಉಬ್ಬಿ ಮೇಲಿನ ರಾಟೆಯಲ್ಲಿ ಸಿಕ್ಕಿಕೊಂಡಿತ್ತು. ಕತ್ತಲಾಗುತ್ತಿದ್ದರೂ ನಮ್ಮ ವಾಟರ್‌ಮನ್ ಏಣಿ ತಂದು ಹತ್ತಿ, ರಾಟೆಗೆ ಎಣ್ಣೆ ಬಿಟ್ಟು, ಹಳೇ ಹಗ್ಗ ತೆಗೆದು ಸಣ್ಣ ಹಗ್ಗ ಹಾಕಿದ. ಮಾಸ್ತರರು ಧ್ವಜದ ಕೇಸರಿ ತುದಿಗೆ ಒಂದು ಕೆಂಪು ದಾರ ಕಟ್ಟಿದರು. ಬೆಳಿಗ್ಗೆ ಗಡಿಬಿಡಿಯಲ್ಲಿ ಯಾರು ಕಟ್ಟಿದರೂ ದಾರ ಇರುವ ಕಡೆ ಮೇಲೆ ಬರಬೇಕು. ಆಮೇಲೆ ಬರೀ ಹಗ್ಗ ಹಿಡಿಸಿ ನನ್ನ ಕೈಯಿಂದ ಮೂರು ಸಲ ಏರಿಸಿ ಇಳಿಸಿದರು. "ಏರಸೋದು ಚುರುಕ, ಇಳಸೋದು ಸಾವಕಾಶ" ಅನ್ನೋದೊಂದೇ ಪಾಠ. ಬೆಳಿಗ್ಗೆ ಧ್ವಜ ಎಲ್ಲೂ ತಡೆಯದೆ ಸರ್ರನೆ ಮೇಲೆ ಹೋದಾಗ ನೀವೆಲ್ಲ ಚಪ್ಪಾಳೆ ಹೊಡೆದಿರಿ. ಅದು ಆ ಇಬ್ಬರಿಗೆ ಸಲ್ಲಬೇಕು.

ಭಾಷಣದ ಬಗ್ಗೆ. ಬರೆದುಕೊಂಡ ಹಾಳೆಯ ಮೊದಲ ಸಾಲು "1947ರ ಆಗಸ್ಟ್ 15ರಂದು ನಮಗೆ ಸ್ವಾತಂತ್ರ್ಯ ಬಂತು" ಅಂತಲೇ ಇತ್ತು. ಕೆರೆ ಓಣಿಯ ಆಯಿ ಮುಂದೆ ಓದಿ ತೋರಿಸಿದೆ. "ಸುಳ್ಳ ಓದಬ್ಯಾಡ" ಅಂದಳು. ಸರಿಯೇ ಇತ್ತು. ನಮ್ಮ ಬೀದರ, ಕಲಬುರಗಿ ಅವತ್ತು ನಿಜಾಮನ ರಾಜ್ಯದಲ್ಲೇ ಇದ್ದವು. ತ್ರಿವರ್ಣ ಏರಿಸಿದವರನ್ನು ಇಲ್ಲಿ ಹಿಡಿದು ಜೈಲಿಗೆ ಹಾಕುತ್ತಿದ್ದರು. ಸ್ವಾಮಿ ರಮಾನಂದ ತೀರ್ಥರು ಅದೇ ದಿನ ಹೈದರಾಬಾದಿನಲ್ಲಿ ಧ್ವಜ ಏರಿಸಿ ಬಂಧನಕ್ಕೆ ಒಳಗಾದರು. ಭಾರತದ ಸೈನ್ಯ ಒಳಗೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ, ನಿಜಾಮ ಶರಣಾಗಿದ್ದು 17ಕ್ಕೆ. ನನ್ನ ಮಗಳು ಎಣಿಸಿ ಹೇಳಿದಳು, ದಿಲ್ಲಿಯಲ್ಲಿ ಧ್ವಜ ಏರಿದ ಮೇಲೆ ನಮಗೆ ಇನ್ನೂ 399 ದಿನ ಬೇಕಾಯ್ತು.

ಆ 399 ದಿನದಲ್ಲಿ ಏನಾಯ್ತು ಅನ್ನೋದನ್ನು ಆಯಿ ಬಾಯಲ್ಲೇ ಹೇಳಿಸಬೇಕು ಅಂತಿತ್ತು. ಆಕಿ ಮೈಕ್ ಮುಟ್ಟಲಿಲ್ಲ, ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಹೇಳಿದೆ. ಆಗ ಆಕಿಗೆ ಹನ್ನೆರಡೋ ಹದಿಮೂರೋ. ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ನಿಜಾಮನ ಪರ ಪಡೆಯ ರಜಾಕಾರರು ಮನೆಮನೆ ಹೊಕ್ಕು ಜನರನ್ನು ಕೊಂದದ್ದು 1948ರ ಮೇ ತಿಂಗಳು. ಸುದ್ದಿ ಬಂದ ರಾತ್ರಿಯೇ ಇವರ ಮನೆಯವರು ಚಕ್ಕಡಿ ಹೂಡಿ ಸೊಲ್ಲಾಪುರದ ದಾರಿ ಹಿಡಿದರು. ಜೋಳವನ್ನು ಹಗೇವಿನಲ್ಲಿ ಹಾಕಿ ಮೇಲೆ ಮಣ್ಣು ಮುಚ್ಚಿದರು. ಎಮ್ಮೆ ಈದು ಎಂಟು ದಿನ ಆಗಿತ್ತು, ನಡೆಯಲಾರದು ಅಂತ ಬಿಟ್ಟರು. "ಹಿಂಡೋರಿಲ್ದ ಒದರತಿತ್ತು ಯವ್ವಾ, ಹಳ್ಳ ದಾಟೋತನ ಕೇಳಸ್ತು." ಎಪ್ಪತ್ತೇಳು ವರ್ಷ ಆದ ಮೇಲೂ ಆಕಿಗೆ ಮೊದಲು ನೆನಪಾಗುವುದು ಆ ಎಮ್ಮೆ. ತಿರುಗಿ ಬಂದಾಗ ಹಗೇವು ಖಾಲಿ ಇತ್ತು. ಎಮ್ಮೆ ಏನಾಯ್ತು ಅಂತ ಯಾರೂ ಹೇಳಲಿಲ್ಲ.

ಇಲ್ಲಿ ಉರ್ದು ಶಾಲೆಯ ಟೀಚರ್‌ಗೆ ದೊಡ್ಡ ಧನ್ಯವಾದ ಹೇಳಬೇಕು. ಈ ಭಾಗ ಓದುವಾಗ ಎದುರಿಗೆ ಕೂತ ನಮ್ಮ ಮುಸ್ಲಿಂ ಮನೆಗಳವರು ತಲೆ ತಗ್ಗಿಸುವಂತೆ ಆಗಬಾರದಲ್ಲ, ಹೇಗೆ ಹೇಳಲಿ ಅಂತ ಕೇಳಿದ್ದೆ. ಅವರು ಶೋಯೆಬುಲ್ಲಾ ಖಾನ್ ಹೆಸರು ಕೊಟ್ಟರು. ಹೈದರಾಬಾದಿನಲ್ಲಿ 'ಇಮ್ರೋಜ್' ಅನ್ನೋ ಉರ್ದು ಪತ್ರಿಕೆಯ ಸಂಪಾದಕ. ನಿಜಾಮನ ರಾಜ್ಯ ಭಾರತದಲ್ಲಿ ಸೇರಬೇಕು ಅಂತ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಅವರನ್ನು ಕೊಂದರು. ಸೈನ್ಯ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಏನೂ ಮಾಡದ ಎಷ್ಟೋ ಮುಸ್ಲಿಮರೂ ಸತ್ತರು ಅನ್ನೋದನ್ನೂ ಸೇರಿಸಿದೆ. ಅದನ್ನು ಯಾಕೆ ಹೇಳಿದಿರಿ ಅಂತ ಆಮೇಲೆ ಇಬ್ಬರು ಕೇಳಿದರು. ನಡೆದದ್ದು, ಹೇಳಿದೆ.

ಇನ್ನು ಕಾಮಗಾರಿ ಘೋಷಣೆ. ಇದರಲ್ಲಿ ನಾನು ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. 2023ರಲ್ಲಿ, ಅಧ್ಯಕ್ಷಳಾದ ಹೊಸದರಲ್ಲಿ, ಇದೇ ಕಟ್ಟೆಯ ಮೇಲೆ ನಿಂತು "ಗುಡಿ ಓಣಿಗೆ ಸಿಸಿ ರಸ್ತೆ ಮಾಡಿಸ್ತೀನಿ" ಅಂದಿದ್ದೆ. ಖರ್ಚು ಸುಮಾರು 18 ಲಕ್ಷ. ಚಪ್ಪಾಳೆ ಬಂತು, ರಸ್ತೆ ಬರಲಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲು, ಅದನ್ನು ರಸ್ತೆಗೆ ಹಾಕುವಂತಿಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನಮಗೆ ಆ ವರ್ಷ ಬಂದದ್ದು 24 ಲಕ್ಷ ಅಂದುಕೊಳ್ಳಿ, 14 ಲಕ್ಷ 40 ಸಾವಿರ ಕಟ್ಟಿಹಾಕಿದ ದುಡ್ಡು. ಉಳಿದ 9 ಲಕ್ಷ 60 ಸಾವಿರದಲ್ಲಿ ನಾಲ್ಕು ಊರಿನ ಪಾಲು. ಮೈಕ್ ಹಿಡಿಯುವ ಮೊದಲು ಕೇಳಿದ್ದರೆ ಪಿಡಿಒ ಸಾಹೇಬರು ಐದು ನಿಮಿಷದಲ್ಲಿ ಹೇಳುತ್ತಿದ್ದರು. ಗುಡಿ ಓಣಿಯವರು ಎರಡು ವರ್ಷ ನನ್ನನ್ನು ಬಯ್ಯದೆ ಬಿಟ್ಟಿಲ್ಲ, ಆದರೂ ಗ್ರಾಮಸಭೆಗೆ ಬರೋದು ಬಿಡಲಿಲ್ಲ. ಅವರಿಗೂ ಉಪಕಾರ.

ಹಾಗಾಗಿ ಈ ಸಲ ಗ್ರಾಮಸಭೆಯಲ್ಲಿ ಪಾಸಾಗಿ ಕ್ರಿಯಾ ಯೋಜನೆಯಲ್ಲಿ ಇರುವ ಕೆಲಸ ಮಾತ್ರ ಹೇಳಿದೆ, ಅದರಲ್ಲೂ ಮುಖ್ಯವಾಗಿ ಒಂದೇ: ಅಮೃತ ಸರೋವರ ಯೋಜನೆಯಲ್ಲಿ ತೋಡಿದ ನಮ್ಮ ಕೆರೆಯದು. ಅಲ್ಲೂ ಧ್ವಜ ಏರಿಸಬೇಕು, ಸ್ವಾತಂತ್ರ್ಯ ಹೋರಾಟದವರ ಮನೆಯವರೋ ಊರ ಹಿರಿಯರೋ ಏರಿಸಬೇಕು ಅಂತ ಯೋಜನೆಯಲ್ಲೇ ಇದೆ. ನಮ್ಮಲ್ಲಿ ಆಯಿ ಏರಿಸಿದಳು. ಹಗ್ಗದ ಮೇಲೆ ಆಕಿಯ ಕೈ, ಅದರ ಮೇಲೆ ಮೊಮ್ಮಗನ ಕೈ.

ಆ ಕೆರೆ ಮೂರು ವರ್ಷದ ಹಿಂದೆ ತೋಡಿದ್ದು. ಒಂದು ಎಕರೆ, ಸುಮಾರು 10,000 ಘನ ಮೀಟರ್ ನೀರು, ಅಂದರೆ ಒಂದು ಕೋಟಿ ಲೀಟರ್. ತೋಡಿದಾಗಲೇ ಕೂಲಿ ಗುಂಪಿನ ಮುಂದಾಳು, ನಮ್ಮ ಕಾಯಕ ಬಂಧು ಅಕ್ಕ ಒಂದು ಕಬ್ಬಿಣದ ಕಂಬಕ್ಕೆ ಅಡಿ ಗುರುತು ಹಾಕಿ ನಡುವೆ ನೆಡಿಸಿದ್ದಳು. ಆಗ ಅದೊಂದು ಚೇಷ್ಟೆ ಅನ್ನಿಸಿತ್ತು. ಈಗ ನೋಡಿದರೆ ಕೆರೆ ಕೋಡಿ ಬೀಳುವುದು ಅದೇ ಮಟ್ಟದಲ್ಲಿ, ಆದರೆ ತಳದ ಎರಡು ಗುರುತು ಮಣ್ಣಿನೊಳಗೆ ಹೋಗಿವೆ. ಎರಡು ಅಡಿ ಹೂಳು. ಒಂದು ಎಕರೆಗೆ ಎರಡು ಅಡಿ ಅಂದರೆ 2,400ಕ್ಕೂ ಹೆಚ್ಚು ಘನ ಮೀಟರ್, ಕೆರೆಯ ಕಾಲು ಭಾಗ. ದಡದಲ್ಲಿ ನಿಂತು ನೋಡಿದರೆ ಕೆರೆ ತುಂಬಿಯೇ ಕಾಣುತ್ತದೆ. ಏಪ್ರಿಲಿನಲ್ಲಿ ಬೇಗ ಒಣಗಿದಾಗ ಮಾತ್ರ ಬಿಸಿಲಿನ ಮೇಲೆ ತಪ್ಪು ಹಾಕುತ್ತೇವೆ.

ಹೂಳು ಬರುತ್ತಿರುವುದು ಮೇಲಿನ ಇಳಿಜಾರಿನ ಸೋಯಾ ಹೊಲಗಳಿಂದ. ಬಿತ್ತಿದ ಹೊಸದರಲ್ಲಿ ನೆಲ ಬೆತ್ತಲೆ ಇರುವಾಗ ದೊಡ್ಡ ಮಳೆ ಬಿದ್ದರೆ ಮಣ್ಣು ಹಳ್ಳದ ಗುಂಟ ಸೀದಾ ಕೆರೆಗೆ. ಬರೀ ಹೂಳು ತೆಗೆದರೆ ಮೂರು ವರ್ಷಕ್ಕೆ ಮತ್ತೆ ಅಷ್ಟೇ. ಅದಕ್ಕೆ ಮೊದಲು ನೀರು ಒಳಬರುವ ಬಾಯಲ್ಲಿ ಹೂಳು ತಡೆಯುವ ಗುಂಡಿ, ಅದರ ಮೇಲ್ಗಡೆ ಹಳ್ಳಕ್ಕೆ ಅಡ್ಡ ಕಲ್ಲಿನ ಒಡ್ಡು. ಮಳೆ ನಿಂತ ಮೇಲೆ, ರಾಶಿ ಮುಗಿದು ಕೈ ಖಾಲಿಯಾದಾಗ ಶುರು. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. 30 ಜನ, 12 ದಿನ, ಕೂಲಿಯೇ 1,33,200. ಕೆಲಸ ಬೇಕಾದವರು ನಮೂನೆ 6 ತುಂಬಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ, ಬಾಯಲ್ಲಿ ಹೇಳಿ ಹೋಗಬೇಡಿ. ಕೂಲಿ ಅಳತೆಯ ಮೇಲೆ, ಹಾಜರಿ ಹಾಕಿ ಹೋದರೆ ಪೂರ್ತಿ ಬರುವುದಿಲ್ಲ. ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ನಕ್ಕವರು ಯಾರು ಅಂತ ನನಗೆ ಗೊತ್ತು.

ಕೆರೆಯೊಳಗಿನ ಹೂಳು ತೆಗೆಯುವುದು ಮಾತ್ರ ನೀರು ಇಳಿದ ಮೇಲೆ, ಬೇಸಿಗೆಯಲ್ಲಿ. ಆಗ ನಾನು ಅಧ್ಯಕ್ಷಳಲ್ಲ. ಟ್ರಾಲಿಗೆ 3 ಘನ ಮೀಟರ್ ಹಿಡಿದರೂ 800ಕ್ಕೂ ಹೆಚ್ಚು ಟ್ರಿಪ್ ಆಗುತ್ತದೆ. ಹೊಲಕ್ಕೆ ಹಾಕಿಕೊಳ್ಳಲು ತಮ್ಮದೇ ಟ್ರ್ಯಾಕ್ಟರ್ ತರುತ್ತೇವೆ ಅಂತ ಹನ್ನೊಂದು ಮಂದಿ ಅವತ್ತೇ ಏರಿಯ ಮೇಲೆ ಹೆಸರು ಬರೆಸಿದರು. ಅವರಿಗೆ ಈಗಲೇ ಧನ್ಯವಾದ ಹೇಳಿರುತ್ತೇನೆ, ಮರೆಯದಿರಲಿ ಅಂತ.

ಸಂಜೆ ಸೂರ್ಯ ಮುಳುಗುವ ಮೊದಲು ಮತ್ತೆ ಮಳೆ. ಹೈಸ್ಕೂಲಿನ ಇಬ್ಬರು ಹುಡುಗಿಯರು ನೆನೆಯುತ್ತಲೇ ಧ್ವಜ ಇಳಿಸಿ, ಕೇಸರಿ ಹಸಿರು ಎರಡನ್ನೂ ಬಿಳಿಯ ಹಿಂದೆ ಮಡಚಿ, ಚಕ್ರ ಮೇಲೆ ಕಾಣುವ ಹಾಗೆ ಅಂಗೈ ಮೇಲೆ ಇಟ್ಟುಕೊಂಡು ತಂದರು. ಒದ್ದೆ ಇತ್ತು, ಹಾಗೆಯೇ ಇಟ್ಟರೆ ಮುಗ್ಗು ಹಿಡಿಯುತ್ತದೆ ಅಂತ ಸಭೆಯ ಮೇಜಿನ ಮೇಲೆ ಹರವಿ ಫ್ಯಾನ್ ಹಾಕಿದೆವು.

ಈಗ ಒಣಗಿದೆ. ಮುಂದಿನ ಅಧ್ಯಕ್ಷರಿಗೆ: ಧ್ವಜ ಕಚೇರಿ ಅಲಮಾರಿಯ ಕೆಳಗಿನ ಖಾನೆಯಲ್ಲಿ, ಹೊಸ ಹಗ್ಗದ ಜೊತೆ ಇದೆ. ಕೆಂಪು ದಾರದ ಕಡೆ ಮೇಲೆ. ಕೆರೆಯ ಕಾಮಗಾರಿ ಪ್ರತಿ ಮತ್ತು ಹನ್ನೊಂದು ಹೆಸರಿನ ಹಾಳೆ ಅದೇ ಖಾನೆಯಲ್ಲಿ ಹಸಿರು ಫೈಲಿನಲ್ಲಿದೆ, ಇನ್ನೊಂದು ಪ್ರತಿ ನೋಟಿಸ್ ಬೋರ್ಡಿಗೆ ಹಚ್ಚಿದ್ದೀನಿ. ಕೀಲಿ ವಾಟರ್‌ಮನ್ ಹತ್ತಿರ.