ಮೂರನೇ ದೋಸೆ ಮಾಸ್ಟರೂ ಬಿಟ್ಟು ಹೋದ ಮೇಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. ಈ ವರ್ಷ ಮೂರನೇ ದೋಸೆ ಮಾಸ್ಟರ್ ಹೋದ, ಅದೂ ಸಂಬಳ ಕೈಗೆ ಸಿಕ್ಕ ಮಾರನೇ ದಿನ. "ಪಕ್ಕದವನು ಎರಡು ಸಾವಿರ ಜಾಸ್ತಿ ಕೊಟ್ಟರೆ ಯಾರು ನಿಲ್ಲುತ್ತಾರೆ" ಅಂದೆ. ಸಂಬಳದ ಮಾತು ನಿಜ. ಆದರೆ ಎರಡು ಸಾವಿರ ಯಾವಾಗ ಸಿಗುತ್ತದೆ, ಏನು ಮಾಡಿದರೆ ಸಿಗುತ್ತದೆ ಅನ್ನುವುದು ನಿನ್ನ ಅಡುಗೆಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವನು ಪಕ್ಕದ ಹೋಟೆಲಿನಲ್ಲಿ ಕೇಳುತ್ತಾನೆ, ಅಷ್ಟೆ.

ಮೊದಲು ಅವನು ಹೋದದ್ದರಿಂದ ನಿನಗಾದ ಖರ್ಚು ನೋಡೋಣ. ಅವನ ಸಂಬಳ 24,000, ಅಂದರೆ ದಿನಕ್ಕೆ 800. ಹೊಸಬ ಸಿಗುವವರೆಗೆ ದಿನಗೂಲಿಗೆ ಕರೆದವನಿಗೆ 1,200. ಹದಿನೈದು ದಿನಕ್ಕೆ 6,000 ಹೆಚ್ಚುವರಿ. ಏಜೆಂಟ್ ಕಮಿಷನ್ 5,000 ಅಂದೆ. ಬೆಳಗಿನ ರಶ್ಶಿನಲ್ಲಿ ನಲವತ್ತು ದೋಸೆ ಕಮ್ಮಿ ಹೋಗಿ, ಒಂದೊಂದಕ್ಕೆ ಮೂವತ್ತು ರೂಪಾಯಿ ಉಳಿಯುವುದು ತಪ್ಪಿದರೂ ಹದಿನೈದು ದಿನಕ್ಕೆ 18,000. ಒಟ್ಟು 29,000. ತಿಂಗಳಿಗೆ 1,500 ಏರಿಸಿದ್ದರೆ ಇಡೀ ವರ್ಷಕ್ಕೆ 18,000 ಆಗುತ್ತಿತ್ತು. ಸುಮ್ಮನೆ ಏರಿಸು ಅಂತ ಹೇಳುತ್ತಿಲ್ಲ. ಯಾವುದಕ್ಕೆ ಏರಿಸುತ್ತೀ ಅನ್ನುವುದು ಗೋಡೆಯ ಮೇಲೆ ಬರೆದಿರಲಿ.

ನಮ್ಮ ಹೋಟೆಲಿನಲ್ಲಿ ನಾನು ಮಾಡುವುದು ಹೀಗೆ. ದೋಸೆ ಕಾವಲಿಗೆ ನಾಲ್ಕು ಮೆಟ್ಟಿಲು. ಹೆಲ್ಪರ್ ಆಗಿ ಸೇರಿದವನಿಗೆ 15,000 ಇದೆ ಅಂದುಕೋ (ನಿಮ್ಮ ಕಡೆ ಸರ್ಕಾರದ ಕನಿಷ್ಠ ವೇತನ ಇದಕ್ಕಿಂತ ಹೆಚ್ಚಿದ್ದರೆ ಅಲ್ಲಿಂದಲೇ ಶುರುಮಾಡು). ಅಕ್ಕಿ, ಉದ್ದು ಅಳೆದು ನೆನೆಸಿ, ರುಬ್ಬಿ, ಹುಳಿ ಬರಿಸಿ ಹಿಟ್ಟಿನ ಹದ ಒಬ್ಬನೇ ನೋಡಿಕೊಂಡರೆ ಸಾವಿರ ಸೇರುತ್ತದೆ. ಸೆಟ್ ದೋಸೆ, ಖಾಲಿ ದೋಸೆ ಹಾಕಲು ಬಂದರೆ ಇನ್ನೊಂದು ಸಾವಿರದ ಐನೂರು. ಭಾನುವಾರ ಬೆಳಗಿನ ರಶ್ಶಿನಲ್ಲಿ ಇಡೀ ಕಾವಲಿ ಒಬ್ಬನೇ ನಿಭಾಯಿಸಿದರೆ ಎರಡು ಸಾವಿರ. ಮತ್ತೊಬ್ಬ ಹುಡುಗನಿಗೆ ಕಲಿಸಿ ಮೊದಲೆರಡು ಮೆಟ್ಟಿಲು ಹತ್ತಿಸಿದರೆ ಮತ್ತೆರಡು ಸಾವಿರ. ಅಲ್ಲಿಗೆ 21,500 ಆಯಿತು. ಕೊನೆಯ ಮೆಟ್ಟಿಲೇ ನಿನ್ನನ್ನು ಕಾಯುವುದು. ಹಳಬ ವಿದ್ಯೆ ಮುಚ್ಚಿಡುವುದು ತನ್ನ ಬೆಲೆ ಇಳಿಯುತ್ತದೆ ಎಂಬ ಭಯಕ್ಕೆ. ಕಲಿಸಿದರೆ ಸಂಬಳ ಏರುತ್ತದೆ ಅಂತ ಗೊತ್ತಾದ ದಿನ ಅವನೇ ಹುಡುಗನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಆಮೇಲೆ ಮಾಸ್ಟರ್ ಹೋದರೂ ಕಾವಲಿ ನಿಲ್ಲುವುದಿಲ್ಲ.

ಮೆಟ್ಟಿಲು ಹತ್ತಿದನೋ ಇಲ್ಲವೋ ಅನ್ನುವುದನ್ನು ಕೆಲಸದ ಜಾಗದಲ್ಲೇ ನೋಡಬೇಕು, ಆಫೀಸ್ ರೂಮಿನಲ್ಲಿ ಅಲ್ಲ. ನಮ್ಮಲ್ಲಿ ಒಬ್ಬ ಹುಡುಗ ಎರಡನೇ ಮೆಟ್ಟಿಲಿಗೆ ತಯಾರು ಅಂದ. ಕಾವಲಿಗೆ ನೀರು ಚಿಮುಕಿಸಿದ, ಪೊರಕೆಯಿಂದ ಒರೆಸಿದ, ಹಿಟ್ಟು ಹಾಕಿದ. ಹಿಟ್ಟು ಸೌಟಿಗೇ ಅಂಟಿಕೊಂಡು ಮುದ್ದೆಯಾಗಿ ಎದ್ದು ಬಂತು. ಕಾವಲಿ ಅತಿಯಾಗಿ ಕಾದಿತ್ತು. ಅವನು ಗ್ಯಾಸ್ ಇಳಿಸದೆ ಹಿಟ್ಟಿಗೆ ನೀರು ಬೆರೆಸಲು ಹೋದ. ಅಲ್ಲಿಗೆ ಅವನಿಗೆ ಏನು ಬರುವುದಿಲ್ಲ ಅನ್ನುವುದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಚೀಟಿಯಲ್ಲಿ "ಕಾವು ನೋಡಲು ಕಲಿಯಬೇಕು, ಮುಂದಿನ ತಿಂಗಳು 10ಕ್ಕೆ ಮತ್ತೆ" ಅಂತ ಬರೆದೆವು. "ಇನ್ನೂ ಸುಧಾರಿಸಬೇಕು" ಅಂತ ಬರೆದಿದ್ದರೆ ಅವನಿಗೆ ಏನು ತಿಳಿಯುತ್ತಿತ್ತು? ಮುಂದಿನ ಸಲ ಪಾಸಾದ, ಆ ತಿಂಗಳ ಸಂಬಳದಲ್ಲೇ ದುಡ್ಡು ಸೇರಿತು. ಹಾಗೆ ಆ ತಿಂಗಳಲ್ಲೇ ದುಡ್ಡು ಸೇರದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ. ಸಂಬಳ 7ನೇ ತಾರೀಖಿನೊಳಗೆ ಆಗಬೇಕೆಂಬುದು ಹೇಗೂ ಕಾನೂನು. ಏರಿದ ದುಡ್ಡೂ ಅದರಲ್ಲೇ ಕಾಣಬೇಕು.

ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಜೊತೆ ಹದಿನೈದು ನಿಮಿಷ ಕೂರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರೂವರೆ ಸುಮಾರಿಗೆ ಸಮಯ ಸಿಗುತ್ತದೆ. ಕಾಫಿ ಕೊಟ್ಟು ಕೂರಿಸು. ಮೊದಲು ಅವನೇ ಮಾತಾಡಲಿ: ಏನು ಕಲಿತೆ, ಯಾವ ಕೆಲಸ ಕಷ್ಟ, ಮುಂದೆ ಯಾವ ಜಾಗಕ್ಕೆ ಹೋಗಬೇಕು. ಕನ್ನಡ ಓದಲು ಬಾರದ ಹುಡುಗರಿಗೆ ಮೆಟ್ಟಿಲಿನ ಚಿತ್ರ ಬರೆದು ಗುರುತು ಹಾಕು. ಪಾತ್ರೆ ತೊಳೆಯುವವರನ್ನೂ ಬಿಡಬೇಡ, ಅವರಿಗೂ ತರಕಾರಿ ಕಟಿಂಗಿಗೆ ಹೋಗುವ ದಾರಿ ಇರಬೇಕು.

ಇದು ಕೆಡುವುದು ಹೆಚ್ಚಾಗಿ ಅಡುಗೆ ಭಟ್ಟರ ಕೈಯಲ್ಲಿ. ಅವರ ಊರಿನ ಹುಡುಗರೆಲ್ಲ ಬೇಗ ಬೇಗ ಪಾಸಾಗಿ ಬೇರೆ ಊರಿನವರು ಅಲ್ಲೇ ಉಳಿದರೆ ಚೀಟಿಗಳನ್ನು ಸಾಲಾಗಿ ಇಟ್ಟು ನೋಡು, ಕಣ್ಣಿಗೆ ಬೀಳುತ್ತದೆ. ಅದಕ್ಕೇ ಪರೀಕ್ಷೆಗೆ ಇಬ್ಬರು ನಿಲ್ಲಬೇಕು. ಒಬ್ಬರು ಭಟ್ಟರು, ಇನ್ನೊಬ್ಬರು ಸಪ್ಲೈ ಕಡೆಯವರು. ಇನ್ನೊಂದು, ಹಿಂದಿನ ವಾರ ಸಾಂಬಾರು ತಳ ಹಿಡಿದದ್ದು ಮೂರು ತಿಂಗಳ ಒಳ್ಳೆಯ ಕೆಲಸವನ್ನು ಮರೆಸಿಬಿಡುತ್ತದೆ. ಹಾಗಾಗಿ ಆಗಾಗ ಒಂದೊಂದು ಸಾಲು ಬರೆದಿಟ್ಟುಕೋ.

ಮೆಚ್ಚುಗೆಯ ವಿಷಯಕ್ಕೆ ಬರುತ್ತೇನೆ. "ತಿಂಗಳ ಉತ್ತಮ ನೌಕರ" ಅಂತ ಫೋಟೋ ಹಾಕಬೇಡ. ಗಿರಾಕಿಗಳ ಕಣ್ಣಿಗೆ ಬೀಳುವುದು ಸಪ್ಲಯರ್ ಮಾತ್ರ, ಹಾಗಾಗಿ ಗೆಲ್ಲುವುದೂ ಅವನೇ. ಹಿಂದೆ ಬೆಂಕಿ ಮುಂದೆ ನಿಂತವನಿಗೆ ಅದು ಅನ್ಯಾಯ ಅನಿಸುತ್ತದೆ. ಅದರ ಬದಲು, ಗಿರಾಕಿ "ಇವತ್ತು ಸಾರು ಚೆನ್ನಾಗಿತ್ತು" ಅಂದರೆ ಸಪ್ಲಯರ್ ಅದನ್ನು ಆರ್ಡರ್ ಚೀಟಿಯ ಹಿಂದೆ ಬರೆದಿಡಲಿ. ಅದೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಸಾರು ಮಾಡಿದವರ ಹೆಸರು ಹೇಳಿ ಓದು. ಖರ್ಚಿಲ್ಲ. ನಮ್ಮ ಸಾರಿನ ಭಟ್ಟರು ಅಂಥ ಚೀಟಿಗಳನ್ನು ಮಸಾಲೆ ಡಬ್ಬಿಯ ಹಿಂದೆ ಜೋಡಿಸಿಟ್ಟಿದ್ದಾರೆ.

ಟಿಪ್ಸಿನದೂ ಇದೇ ಕಥೆ. ಯುಪಿಐ ಬಂದ ಮೇಲೆ ತಟ್ಟೆಯಲ್ಲಿ ಚಿಲ್ಲರೆ ಬಿಡುವವರು ಕಮ್ಮಿಯಾದರು. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಅಂತ 2022ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಹಾಗಾಗಿ ಟಿಪ್ಸಿಗೆಂದೇ ಬೇರೆ ಕ್ಯೂಆರ್ ಇಡು, ಕೊಡುವವರು ಮನಸ್ಸಿದ್ದರೆ ಕೊಡಲಿ. ವಾರಕ್ಕೊಮ್ಮೆ ಎಲ್ಲರೆದುರು ಲೆಕ್ಕ ಓದಿ ಹಂಚು, ಅಡುಗೆಮನೆಗೂ ಒಂದು ಪಾಲು ಇರಲಿ. ದೀಪಾವಳಿ ಬೋನಸ್ಸನ್ನು ಮಾತ್ರ ಮೆಚ್ಚುಗೆ ಅಂತ ತೋರಿಸಬೇಡ. 20ಕ್ಕಿಂತ ಹೆಚ್ಚು ಜನ ಇರುವ ನಿನ್ನಲ್ಲಿ, ಕಾನೂನಿನ ಸಂಬಳದ ಮಿತಿಯೊಳಗೆ ಬರುವವರಿಗೆ ಕನಿಷ್ಠ 8.33% ಬೋನಸ್ ಅವರ ಹಕ್ಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ರಜೆ. ಊರ ಜಾತ್ರೆಗೆ, ಯುಗಾದಿಗೆ ಹೋದವರು ವಾಪಸ್ ಬರುವುದಿಲ್ಲ ಅಂತ ನಾವೆಲ್ಲ ರಜೆ ತಡೆಯುತ್ತೇವೆ. ತಡೆದರೆ ಹೇಳದೆ ಹೋಗುತ್ತಾರೆ. ಒಂದು ವರ್ಷ ತುಂಬಿದವರು ಮೊದಲು ತಾರೀಖು ಆರಿಸಿಕೊಳ್ಳಲಿ, ಆಮೇಲೆ ಉಳಿದವರು. ಹೊರಡುವ ಮೊದಲೇ ವಾಪಸ್ ಟಿಕೆಟ್ ನೀನೇ ಮಾಡಿಸಿ ಕೈಗೆ ಕೊಡು. ಬಾಕಿ ಸಂಬಳ ಹಿಡಿದಿಟ್ಟು ಕರೆಸಿಕೊಳ್ಳುವ ಹಳೇ ಪದ್ಧತಿ ಬಿಡು. ಅದು ತಪ್ಪು, ಜೊತೆಗೆ ಆ ಸುದ್ದಿ ಅವನ ಊರಿಗೆಲ್ಲ ಹರಡುತ್ತದೆ.

ಇವುಗಳಿಂದ ಆಗದ್ದೂ ಇದೆ. ಹುಡುಗರು ಮಲಗುವ ಕೋಣೆಯಲ್ಲಿ ಫ್ಯಾನಿಲ್ಲ, ಎಂಟು ಜನಕ್ಕೆ ಒಂದೇ ಬಚ್ಚಲು ಅಂತ ನೀನೇ ಹೇಳಿದ್ದೆ. ಅದು ಸರಿಯಾಗದೆ ಚೀಟಿ ಓದಿದರೆ ಯಾರ ಕಿವಿಗೂ ಹೋಗುವುದಿಲ್ಲ. ಮೊದಲು ಆ ಕೆಲಸ ಮಾಡು.

ಒಂದು ನೋಟ್‌ಬುಕ್ ತೆಗೆದು ಕಳೆದ ಎರಡು ವರ್ಷದಲ್ಲಿ ಬಿಟ್ಟವರ ಹೆಸರು, ಸೇರಿದ ದಿನ, ಬಿಟ್ಟ ದಿನ, ಯಾರ ಕೈಕೆಳಗಿದ್ದರು ಅಂತ ಬರೆ. ಮೂರು ತಿಂಗಳೊಳಗೆ ಹೋದವರೇ ಹೆಚ್ಚಿದ್ದರೆ ಸೇರಿಸಿಕೊಳ್ಳುವ ರೀತಿ, ಮಲಗುವ ಕೋಣೆ ನೋಡಬೇಕು. ವರ್ಷ ದಾಟಿ ಹೋದವರು ಹೆಚ್ಚಿದ್ದರೆ ಮೆಟ್ಟಿಲು ಇಲ್ಲದ್ದೇ ಕಾರಣ ಇರಬಹುದು. ಒಬ್ಬರದೇ ಹೆಸರಿನ ಕೆಳಗೆ ಬಹಳ ಜನ ಹೋಗಿದ್ದರೆ ಮಾತಾಡಬೇಕಾದ್ದು ಅವರ ಹತ್ತಿರ. ಬರೆದಾದ ಮೇಲೆ ಪುಟಗಳ ಫೋಟೋ ಕಳಿಸು, ಭಾನುವಾರ ಸಂಜೆ ಕೂತು ಒಟ್ಟಿಗೆ ನೋಡೋಣ.

ಇಂತಿ ನಿನ್ನ ಗೆಳೆಯ